ಕ್ರಾನ್ ಕಾಯುವುದಿಲ್ಲ, ಹೋಲಿಸಿ ನೋಡುತ್ತದೆ

ಲಿನಕ್ಸ್, ಯುನಿಕ್ಸ್ ಯಂತ್ರಗಳಲ್ಲಿ ಹೇಳಿದ ಸಮಯಕ್ಕೆ ಆಜ್ಞೆ ಓಡಿಸುವ ಪ್ರೋಗ್ರಾಂ ಕ್ರಾನ್. ಅದು ಅಲಾರಂ ಇದ್ದಂತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ಎಡವಟ್ಟುಗಳಲ್ಲಿ ಹೆಚ್ಚಿನವು ಈ ತಪ್ಪಿನಿಂದಲೇ ಹುಟ್ಟುತ್ತವೆ.

ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6:30ಕ್ಕೆ ನಮಗೆ ನಾವೇ ಒಂದು ಸಂದೇಶ ಕಳಿಸಿಕೊಳ್ಳಬೇಕು ಅಂತಿಟ್ಟುಕೊಳ್ಳಿ. `crontab -e` ಕೊಟ್ಟು ಈ ಸಾಲು ಬರೆದರೆ ಸಾಕು:

```
30 6 * * 1-5 /home/me/morning.sh
```

ನಿಮಿಷ, ಗಂಟೆ, ತಾರೀಖು, ತಿಂಗಳು, ವಾರದ ದಿನ: ಇದೇ ಕ್ರಮ. ಕ್ರಾನ್ ಪ್ರತಿ ನಿಮಿಷವೂ ಎದ್ದು ಗಡಿಯಾರ ನೋಡುತ್ತದೆ. ಐದು ಚಕ್ರದ ನಂಬರ್ ಬೀಗ ನೆನಪಿಸಿಕೊಳ್ಳಿ. ನಮ್ಮ ಈ ಸಾಲಿನಲ್ಲಿ ಐದೂ ಹೊಂದಿದರೆ ಮಾತ್ರ ಬೀಗ ಬಿಚ್ಚುತ್ತದೆ. ನಕ್ಷತ್ರ ಹಾಕಿದ ಚಕ್ರ ಮಾತ್ರ ಯಾವ ಅಂಕಿಗೂ ಹೂಂ ಅನ್ನುತ್ತದೆ. ದಿನಕ್ಕೆ 1440 ನಿಮಿಷ. ಅದರಲ್ಲಿ 1439 ಸಲ ನಮ್ಮ ಸಾಲಿಗೆ ಸಿಗುವ ಉತ್ತರ ‘ಇಲ್ಲ’. ಒಂದೇ ಒಂದು ಸಲ ‘ಹೌದು’. ಶನಿವಾರ, ಭಾನುವಾರ ಅದೂ ಇಲ್ಲ.

1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲೂ ಕ್ರಾನ್ ಹೀಗೇ ನಿಮಿಷಕ್ಕೊಮ್ಮೆ ಎದ್ದು ನೋಡುತ್ತಿತ್ತು. ಇಷ್ಟು ಸರಳ ಉಪಾಯ ಇಷ್ಟು ವರ್ಷ ಬಾಳಿದೆ ಅಂದರೆ ನನಗೆ ಇವತ್ತಿಗೂ ಖುಷಿ.

ಈಗ 30ರ ಜಾಗದಲ್ಲಿ ಸುಮ್ನೆ ನಕ್ಷತ್ರ ಹಾಕಿ ನೋಡಿ. ‘ಆರು ಗಂಟೆಗೆ’ ಅಂತ ನಾವು ಓದಿಕೊಳ್ಳುತ್ತೇವೆ. ಕ್ರಾನ್‌ಗೆ ಮಾತ್ರ ಅದು ‘ಗಂಟೆ ಆರು ಇರುವಷ್ಟು ಹೊತ್ತು, ಯಾವ ನಿಮಿಷವಾದರೂ ಸರಿ’. 6:00ರಿಂದ 6:59ರವರೆಗೆ ಅರವತ್ತು ಸಂದೇಶ! ನಾನೂ ಒಮ್ಮೆ ಹೀಗೆ ಮಾಡಿ, ಏಳುವಷ್ಟರಲ್ಲಿ ಇನ್‌ಬಾಕ್ಸ್ ತುಂಬಿಸಿಕೊಂಡಿದ್ದೆ.

ಹೋಲಿಸಿ ನೋಡುವುದಷ್ಟೇ ಕೆಲಸವಾದ್ದರಿಂದ ನಿನ್ನೆ ಏನು ತಪ್ಪಿತು ಅನ್ನುವ ಲೆಕ್ಕ ಕ್ರಾನ್ ಇಡುವುದಿಲ್ಲ. 6:30ಕ್ಕೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗಿದ್ದು 6:40ಕ್ಕೆ ಆನ್ ಮಾಡಿದರೆ ಆ ದಿನದ ಸಂದೇಶ ತಪ್ಪಿತು ಅಂತಲೇ ಲೆಕ್ಕ. ಯಾವಾಗಲೂ ಆನ್ ಇರುವ ಯಂತ್ರದಲ್ಲಿ ಇಡುವುದೇ ಒಳ್ಳೇದು. ಆದರೆ ಅಂಥ ಸರ್ವರ್‌ಗಳ ಗಡಿಯಾರ ಎಷ್ಟೋ ಸಲ ನಮ್ಮ ಊರಿನ ಸಮಯದ ಬದಲು UTC ಅನ್ನುವ ಜಾಗತಿಕ ಸಮಯದಲ್ಲಿರುತ್ತದೆ. ಮೊದಲು `date` ಅಂತ ಟೈಪ್ ಮಾಡಿ, ಅದು ತೋರಿಸುವ ಸಮಯಕ್ಕೆ ತಕ್ಕಂತೆ ಅಂಕಿ ಬರೆಯಿರಿ.

ಸಂದೇಶವನ್ನು ಕ್ರಾನ್ ಸಾಲಿನಲ್ಲೇ ತುರುಕದೆ ಬೇರೆ ಫೈಲ್‌ನಲ್ಲಿ ಇಟ್ಟಿದ್ದಕ್ಕೂ ಕಾರಣವಿದೆ:

```
#!/bin/sh
echo "ಏಳು! ಇವತ್ತು $(date +%A)" | mail -s "ಬೆಳಗಾಯ್ತು" me@example.com
```

ವಾರದ ಹೆಸರು ಬರಲಿ ಅಂತ ಹಾಕಿದ ಆ `%` ಇದೆಯಲ್ವಾ, ಕ್ರಾನ್ ಸಾಲಿನೊಳಗೆ ಅದಕ್ಕೆ ‘ಸಾಲು ಇಲ್ಲಿಗೆ ಮುಗಿಯಿತು’ ಅನ್ನುವ ಅರ್ಥ. ಆಜ್ಞೆ `date +` ಅನ್ನುವಲ್ಲೇ ತುಂಡಾಗುತ್ತದೆ. ಅದೇ ಸಾಲನ್ನು ಟರ್ಮಿನಲ್‌ನಲ್ಲಿ ಕೊಟ್ಟರೆ ಸರಿಯಾಗಿ ಓಡುತ್ತದೆ, ಹಾಗಾಗಿ ತಪ್ಪು ಎಲ್ಲಿ ಅಂತ ಹೊಳೆಯುವುದೇ ಇಲ್ಲ. ಕ್ರಾನ್ ಸಾಲಿನಲ್ಲೇ ಬರೆಯಲೇಬೇಕಿದ್ದರೆ `\%` ಅಂತ ಬರೆಯಿರಿ. ಬೇರೆ ಫೈಲ್ ಆದರೆ ಈ ತೊಂದರೆಯಿಲ್ಲ. `chmod +x` ಕೊಟ್ಟು, ಯಂತ್ರದಲ್ಲಿ `mail` ಕೆಲಸ ಮಾಡುತ್ತದಾ ಅಂತ ಕೈಯಾರೆ ಒಮ್ಮೆ ಓಡಿಸಿ ನೋಡಿ. ಆಮೇಲೆ ಎರಡು ನಿಮಿಷ ಮುಂದಿನ ಸಮಯ ಹಾಕಿ ಕ್ರಾನ್‌ನಿಂದಲೂ ಒಂದು ಸಲ ಕಳಿಸಿ. ಬಂತು ಅಂತಾದರೆ ಅಂಕಿಗಳನ್ನು ಮತ್ತೆ `30 6` ಮಾಡಿಬಿಡಿ.