ಸೋಲಾರ್ ರೆಡಿ, ನೆಟ್ ಮೀಟರ್ ಮಾತ್ರ ಬಂದಿಲ್ಲ: ದೂರು ಪತ್ರ ಹೇಗೆ ಬರೆಯಬೇಕು?

ಪ್ರಶ್ನೆ: ನಮ್ಮದು ಜಮಖಂಡಿ. ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಪ್ಯಾನೆಲ್, ಇನ್ವರ್ಟರ್ ಎಲ್ಲ ರೆಡಿ ಇವೆ. ಆದರೆ ನೆಟ್ ಮೀಟರ್ ಹಾಕಲು ಯಾರೂ ಬರುತ್ತಿಲ್ಲ. ಕೇಳಿದಾಗಲೆಲ್ಲ ‘ಮುಂದಿನ ವಾರ’ ಎನ್ನುತ್ತಾರೆ. ಬ್ಯಾಂಕಿನ ಕಂತು ಶುರುವಾಗಿದೆ. ದೂರು ಕೊಡಬೇಕೆಂದಿದ್ದೇವೆ. ಪತ್ರದಲ್ಲಿ ಏನು ಬರೆಯಬೇಕು, ಯಾರಿಗೆ ಕೊಡಬೇಕು?

ಉತ್ತರ: ಪತ್ರ ಬರೆಯುವ ಮೊದಲು ಒಂದು ತಾರೀಖು ಹುಡುಕಿ. ಪ್ಯಾನೆಲ್ ಕೂಡಿಸಿದ ತಾರೀಖಲ್ಲ, ಕೆಲಸ ಮುಗಿದ ಪ್ರಮಾಣಪತ್ರ ವಿದ್ಯುತ್ ಕಂಪನಿಗೆ ಸಲ್ಲಿಕೆಯಾದ ತಾರೀಖು. ನಿಮ್ಮ ದೂರು ನಿಲ್ಲುವುದೇ ಅದರ ಮೇಲೆ.

ಕಾರಣ ಇಷ್ಟೆ. ಕೇಂದ್ರ ಸರ್ಕಾರದ ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳು 2020ರಲ್ಲಿ ಬಂದವು. ಪ್ರಮಾಣಪತ್ರ ಕೊಟ್ಟ ಮೇಲೆ ಒಪ್ಪಂದಕ್ಕೆ ಸಹಿ, ಮೀಟರ್ ಅಳವಡಿಕೆ, ಘಟಕದ ಚಾಲನೆ ಈ ಮೂರನ್ನೂ 30 ದಿನದಲ್ಲಿ ಮುಗಿಸಬೇಕು ಎಂದು ಅದರಲ್ಲಿತ್ತು. 2024ರ ತಿದ್ದುಪಡಿಯಲ್ಲಿ ಅದು 15 ದಿನಕ್ಕೆ ಇಳಿಯಿತು. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಕಂಪನಿ ಗ್ರಾಹಕರಿಗೆ ಪರಿಹಾರ ಕೊಡಬೇಕು. ದರ ನಿಗದಿ ಮಾಡುವುದು ವಿದ್ಯುತ್ ನಿಯಂತ್ರಣ ಆಯೋಗ. ಆದರೆ ಅದು ದಿನಕ್ಕೆ 500 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ.

ಹಾಗಾಗಿ ಆ 15 ದಿನದ ಲೆಕ್ಕ ಎಲ್ಲಿಂದ ಶುರು ಎಂಬುದೇ ಮುಖ್ಯ. ಎಷ್ಟೋ ಮನೆಗಳ ವಿಷಯದಲ್ಲಿ ಲೆಕ್ಕ ಶುರುವೇ ಆಗಿರುವುದಿಲ್ಲ. ಸೋಲಾರ್ ಹಾಕಿದ ಏಜೆನ್ಸಿಯವರು ‘ಎಲ್ಲಾ ಕೊಟ್ಟೀವ್ರಿ’ ಎಂದಿರುತ್ತಾರೆ. ಪೋರ್ಟಲ್ ತೆರೆದು ನೋಡಿದರೆ ಫೋಟೋ ಇಲ್ಲ, ಪ್ರಮಾಣಪತ್ರವೂ ಇಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದ್ದರೆ pmsuryaghar.gov.in ನಲ್ಲಿ ನೀವೇ ಲಾಗಿನ್ ಆಗಿ. ಅರ್ಜಿ ಯಾವ ಹಂತದಲ್ಲಿದೆ ನೋಡಿ, ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇನ್ನೂ ಸಲ್ಲಿಕೆಯಾಗಿಲ್ಲ ಎಂದಾದರೆ ನಿಮ್ಮ ಜಗಳ ಏಜೆನ್ಸಿ ಜೊತೆ, ವಿದ್ಯುತ್ ಕಚೇರಿ ಜೊತೆ ಅಲ್ಲ. ಇನ್ನೊಂದು ಮಾತು: ಆರ್.ಆರ್. ನಂಬರ್ ತೀರಿಕೊಂಡ ತಂದೆಯವರ ಹೆಸರಲ್ಲೇ ಉಳಿದಿದ್ದು, ಅರ್ಜಿ ಮಗನ ಹೆಸರಲ್ಲಿದ್ದರೆ ಫೈಲು ಅಲ್ಲೇ ನಿಂತಿರಬಹುದು. ಅದನ್ನೂ ಮೊದಲೇ ಸರಿಪಡಿಸಿಕೊಳ್ಳಿ.

ದಾಖಲೆ ಸರಿ ಇದೆ ಅಂದುಕೊಳ್ಳೋಣ. ಉದಾಹರಣೆಗೆ, ಪ್ರಮಾಣಪತ್ರ ಸಲ್ಲಿಸಿದ್ದು ಜೂನ್ 2. ಹದಿನೈದು ದಿನ ಮುಗಿಯುವುದು ಜೂನ್ 17ಕ್ಕೆ. ನೀವು ಪತ್ರ ಕೊಡುವುದು ಜುಲೈ 9ಕ್ಕೆ. ಅಂದರೆ ಜೂನ್ 18ರಿಂದ ಲೆಕ್ಕ ಹಾಕಿದರೆ 22 ದಿನ ತಡ. ದಿನಕ್ಕೆ 500ರಂತೆ 11,000 ರೂಪಾಯಿ. ಪತ್ರ ಹೀಗಿರಲಿ:

ಗೆ,
ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ (ವಿದ್ಯುತ್),
… ಉಪವಿಭಾಗ.

ವಿಷಯ: ಆರ್.ಆರ್. ನಂ. … ಮನೆಯ 3 ಕಿ.ವ್ಯಾ. ಸೋಲಾರ್ ಘಟಕಕ್ಕೆ ನೆಟ್ ಮೀಟರ್ ಅಳವಡಿಸಲು ಆಗಿರುವ ವಿಳಂಬ.

ಮಾನ್ಯರೇ,
ನನ್ನ ಅರ್ಜಿ ಸಂಖ್ಯೆ …. ಘಟಕದ ಕೆಲಸ ಮುಗಿದ ಪ್ರಮಾಣಪತ್ರವನ್ನು ಜೂನ್ 2ರಂದು ಸಲ್ಲಿಸಲಾಗಿದೆ (ಪ್ರತಿ ಲಗತ್ತಿಸಿದೆ). ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳು, 2020 ಹಾಗೂ 2024ರ ತಿದ್ದುಪಡಿಯಂತೆ 15 ದಿನದೊಳಗೆ, ಅಂದರೆ ಜೂನ್ 17ರೊಳಗೆ, ಮೀಟರ್ ಅಳವಡಿಸಿ ಘಟಕವನ್ನು ಚಾಲನೆಗೊಳಿಸಬೇಕಿತ್ತು. ಇವತ್ತಿಗೆ 22 ದಿನ ತಡವಾಗಿದೆ. ಘಟಕ ಬಂದ್ ಇರುವುದರಿಂದ ದಿನಕ್ಕೆ ಸುಮಾರು 10 ಯೂನಿಟ್ ಉತ್ಪಾದನೆ ನಷ್ಟವಾಗುತ್ತಿದೆ. ಸಹಾಯಧನವೂ ಬಾಕಿ ಇದೆ.

ಏಳು ದಿನದೊಳಗೆ ಮೀಟರ್ ಅಳವಡಿಸಿ ಚಾಲನೆ ನೀಡಬೇಕು. ಸಾಧ್ಯವಿಲ್ಲದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಜೂನ್ 18ರಿಂದ ಚಾಲನೆಯ ದಿನದವರೆಗೆ ನಿಯಮದಂತೆ ಪರಿಹಾರ ನೀಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ಮೊಬೈಲ್ ನಂಬರ್, ತಾರೀಖು)

ಇದರಲ್ಲಿ ‘ಕಾರಣವನ್ನು ಲಿಖಿತವಾಗಿ’ ಎಂಬ ಸಾಲನ್ನು ದಯವಿಟ್ಟು ಬಿಡಬೇಡಿ. ಸರಿಯಾದ ಕಾರಣವಿಲ್ಲದೆ ತಡವಾದರೆ ಮಾತ್ರ ಪರಿಹಾರ ಸಿಗುತ್ತದೆ. ಬಾಯಿಮಾತಲ್ಲಿ ಇವತ್ತೊಂದು ಕಾರಣ, ನಾಳೆ ಇನ್ನೊಂದು ಕಾರಣ ಹೇಳಬಹುದು. ಕಾಗದದ ಮೇಲೆ ಬಂದರೆ ಅದು ಒಪ್ಪುವಂಥದ್ದೋ ಅಲ್ಲವೋ ಎಂದು ಮುಂದೆ ಬೇರೆಯವರು ತೂಗಿ ನೋಡಬಹುದು. ‘ಟಿ.ಸಿ. ಮೇಲೆ ಲೋಡ್ ಜಾಸ್ತಿ ಆಗಿದೆ’ ಎಂಬ ಉತ್ತರ ಬಂತು ಅನ್ನಿ. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯೇ ಬೇಡ, ಅದು ಒಪ್ಪಿಗೆಯಾದಂತೆಯೇ ಎಂದು 2024ರ ತಿದ್ದುಪಡಿ ಹೇಳುತ್ತದೆ. 5 ಕಿಲೋವ್ಯಾಟ್‌ವರೆಗಿನ ಘಟಕಕ್ಕಾಗಿ ಲೈನು, ಟಿ.ಸಿ. ಬಲಪಡಿಸಬೇಕಾದರೆ ಖರ್ಚು ಕಂಪನಿಯದ್ದೇ. ನಿಮ್ಮದು 3 ಕಿಲೋವ್ಯಾಟ್, ಅಲ್ವಾ? ‘ಮೀಟರ್ ಸ್ಟಾಕ್ ಇಲ್ಲ’ ಎಂದರೆ ಅದಕ್ಕೂ ದಾರಿ ಇದೆ. ಗ್ರಾಹಕರೇ ಮೀಟರ್ ಕೊಂಡು ತರಬಹುದು, ಅದನ್ನು ಪರೀಕ್ಷೆ ಮಾಡಿಸಿ ಅಳವಡಿಸುವುದು ಕಂಪನಿ ಕೆಲಸ ಎಂದು ಅದೇ ನಿಯಮದಲ್ಲಿದೆ. ಆದರೆ ಯಾವ ಮೀಟರ್ ಒಪ್ಪುತ್ತಾರೆ ಎಂದು ಉಪವಿಭಾಗದಲ್ಲಿ ಕೇಳಿಕೊಂಡೇ ದುಡ್ಡು ಹಾಕಿ.

ನಷ್ಟದ ಲೆಕ್ಕ ಜಾಸ್ತಿ ಬರೆಯಲು ಹೋಗಬೇಡಿ. ಒಳ್ಳೆ ಬಿಸಿಲಿದ್ದರೆ ನಮ್ಮ ಕಡೆ 3 ಕಿಲೋವ್ಯಾಟ್‌ಗೆ ದಿನಕ್ಕೆ 12 ಯೂನಿಟ್ ಆಸುಪಾಸು ಬರುತ್ತದೆ. ಜೂನ್, ಜುಲೈನಲ್ಲಿ ಮೋಡ ಇರುವುದರಿಂದ 10 ಎಂದು ಬರೆದಿದ್ದೇನೆ. ಯಾರೂ ತಕರಾರು ಮಾಡಲಾಗದ ಅಂಕಿಯೇ ವಾಸಿ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಹೆಸ್ಕಾಂ ವ್ಯಾಪ್ತಿಗೆ ಬರುತ್ತವೆ. ಪತ್ರವನ್ನು ನಿಮ್ಮ ಉಪವಿಭಾಗದ ಕಚೇರಿಗೆ ಕೊಡಿ. ಶಾಖಾಧಿಕಾರಿ ಕೈಗೆ ಕೊಟ್ಟು ಬಂದರೆ ಸಾಲದು. ಎರಡು ಪ್ರತಿ ಒಯ್ದು, ಒಂದನ್ನು ಟಪಾಲಿಗೆ ಕೊಡಿ. ಇನ್ನೊಂದರ ಮೇಲೆ ಸೀಲು, ತಾರೀಖು, ಇನ್ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ವಿಭಾಗದ ಕಾರ್ಯನಿರ್ವಾಹಕ ಎಂಜಿನಿಯರಿಗೂ ಒಂದು ಪ್ರತಿ ಕಳಿಸಿ. ಅದೇ ದಿನ 1912ಕ್ಕೂ ಫೋನ್ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಿ.

ಏಳು ದಿನ ಕಳೆದರೂ ಉತ್ತರ ಬರದಿದ್ದರೆ ಮುಂದಿನ ಬಾಗಿಲು ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. 2003ರ ವಿದ್ಯುತ್ ಕಾಯ್ದೆಯ ಕಲಂ 42ರಂತೆ ಪ್ರತಿ ಕಂಪನಿಯೂ ಇಂಥ ವೇದಿಕೆ ಇಡಲೇಬೇಕು. ಸೀಲು ಬಿದ್ದ ಪ್ರತಿ, ಪ್ರಮಾಣಪತ್ರ, ಪೋರ್ಟಲ್ ಸ್ಕ್ರೀನ್‌ಶಾಟ್ ಲಗತ್ತಿಸಿ ಅರ್ಜಿ ಕೊಡಿ. ಅಲ್ಲಿನ ಆದೇಶ ಒಪ್ಪಿಗೆಯಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಬಳಿ ಹೋಗಬಹುದು.

ಈ ಮಧ್ಯೆ ‘ಸುಮ್ನೆ ಯಾಕೆ ಬಿಸಿಲು ಹಾಳು’ ಎಂದು ಘಟಕ ಆನ್ ಮಾಡಿಬಿಡಬೇಡಿ. ಕಂಪನಿ ಚಾಲನೆ ಕೊಡುವ ಮುಂಚೆ ಲೈನಿಗೆ ಕರೆಂಟ್ ಬಿಡಲು ಅನುಮತಿ ಇಲ್ಲ. ಹಳೆ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಎಷ್ಟೋ ಮೀಟರ್‌ಗಳಿಗೆ ಕರೆಂಟ್ ಒಳಗೆ ಬಂತೋ ಹೊರಗೆ ಹೋಯಿತೋ ತಿಳಿಯುವುದಿಲ್ಲ. ನೀವು ಹೊರಗೆ ಕೊಟ್ಟ ಯೂನಿಟ್ಟನ್ನೂ ಬಳಸಿದ ಲೆಕ್ಕಕ್ಕೇ ಸೇರಿಸುತ್ತವೆ. ಬಿಲ್ ಇಳಿಯುವ ಬದಲು ಏರುತ್ತದೆ. ನಿಮ್ಮ ದೂರಿಗೂ ಅದು ಪೆಟ್ಟು.

ಮೀಟರ್ ಬಂದ ದಿನ ಅದರಲ್ಲಿ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡೂ ಆರಂಭದ ರೀಡಿಂಗ್ ನೋಡಿ, ಫೋಟೋ ತೆಗೆದುಕೊಳ್ಳಿ. ಆದರೆ ಮೀಟರ್ ಗೋಡೆಗೆ ಕೂತ ಮಾತ್ರಕ್ಕೆ ದೂರು ಮುಗಿಯಿತು ಎಂದು ಬರೆದುಕೊಡಬೇಡಿ. ಪೋರ್ಟಲ್‌ನಲ್ಲಿ ಚಾಲನೆಯ ವರದಿ ಏರಬೇಕು. ಅದು ಏರುವವರೆಗೆ 3 ಕಿಲೋವ್ಯಾಟ್‌ಗೆ ಸಿಗಬೇಕಾದ 78,000 ರೂಪಾಯಿ ಸಹಾಯಧನ ಮುಂದೆ ಹೋಗುವುದಿಲ್ಲ. ತಡವಾದ ದಿನಗಳ ಲೆಕ್ಕವನ್ನೂ ಆ ವರದಿಯ ತಾರೀಖಿಗೇ ನಿಲ್ಲಿಸಿ.