ಬಿಡದ ಜ್ವರ, ಕೆಂಪು ಕಣ್ಣು, ಹತ್ತು ದಿನದ ಲೆಕ್ಕ

1961ರ ಜನವರಿ. ಟೋಕಿಯೋದ ರೆಡ್ ಕ್ರಾಸ್ ಆಸ್ಪತ್ರೆಗೆ ನಾಲ್ಕು ವರ್ಷದ ಹುಡುಗನೊಬ್ಬ ಬಂದ. ದಿನಗಟ್ಟಲೆ ಬಿಡದ ಜ್ವರ. ಎರಡೂ ಕಣ್ಣು ಕೆಂಪು, ಆದರೆ ಪಿಸುರಿಲ್ಲ. ತುಟಿ ಒಡೆದಿದೆ, ಮೈಮೇಲೆ ದದ್ದು, ಕತ್ತಿನಲ್ಲಿ ಗಂಟು. ಮಕ್ಕಳ ವೈದ್ಯ ತೊಮಿಸಾಕು ಕವಾಸಕಿ ಅವರಿಗೆ ಇದು ಏನೆಂದೇ ತಿಳಿಯಲಿಲ್ಲ. ಹುಡುಗ ತಾನಾಗಿಯೇ ಹುಷಾರಾಗಿ ಮನೆಗೆ ಹೋದ. ಮುಂದಿನ ವರ್ಷ ಇಂಥದೇ ಇನ್ನೊಂದು ಮಗು ಬಂದಾಗ ಅವರು ಎಚ್ಚೆತ್ತುಕೊಂಡರು. ಒಂದೊಂದೇ ಮಗುವಿನ ವಿವರ ಬರೆದಿಡುತ್ತಾ ಹೋಗಿ, 1967ರಲ್ಲಿ 50 ಮಕ್ಕಳ ವರದಿ ಪ್ರಕಟಿಸಿದರು. ಇಂದು ಇದನ್ನು ಅವರ ಹೆಸರಿನಿಂದಲೇ ಕವಾಸಕಿ ಕಾಯಿಲೆ ಎನ್ನುತ್ತಾರೆ.

ಆ ವರದಿಯ ಪ್ರಕಾರ ಇದು ತಾನಾಗಿ ವಾಸಿಯಾಗುವ, ಏನೂ ತೊಂದರೆ ಉಳಿಸದ ಕಾಯಿಲೆ. ಜ್ವರ ಬಿಟ್ಟ ಮಕ್ಕಳು ಆಡಿಕೊಂಡಿದ್ದರಲ್ಲ, ಬೇರೆ ಅನುಮಾನ ಬರುವುದಾದರೂ ಹೇಗೆ? 1970ರಲ್ಲಿ ಜಪಾನ್ ಇಡೀ ದೇಶದ ಸಮೀಕ್ಷೆ ಮಾಡಿದಾಗ, ಈ ಕಾಯಿಲೆ ಬಂದ 10 ಮಕ್ಕಳು ಸತ್ತಿದ್ದು ಬೆಳಕಿಗೆ ಬಂತು. ಶವಪರೀಕ್ಷೆಯಲ್ಲಿ ಕಂಡಿದ್ದು ಹೃದಯದ ತೊಂದರೆ. ಹೃದಯಕ್ಕೇ ರಕ್ತ ಕೊಡುವ ಕೊರೊನರಿ ರಕ್ತನಾಳಗಳು ಬಲೂನಿನ ಹಾಗೆ ಊದಿ, ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಜ್ವರ ಹೋದರೂ ಕಾಯಿಲೆ ಹೋಗಿರಲಿಲ್ಲ.

ಹೀಗೇಕೆ? ಇದು ರಕ್ತನಾಳದ ಗೋಡೆಯ ಉರಿಯೂತ. ದೇಹದ ರೋಗನಿರೋಧಕ ಶಕ್ತಿಯೇ ಅತಿಯಾಗಿ ಕೆರಳಿ ಗೋಡೆಯನ್ನು ಹಾಳುಮಾಡುತ್ತದೆ. ಗೋಡೆ ಮೆತ್ತಗಾದಾಗ ರಕ್ತದ ಒತ್ತಡಕ್ಕೆ ನಾಳ ಉಬ್ಬುತ್ತದೆ. ಎರಡನೇ ವಾರದಲ್ಲಿ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಕೂಡ ಜಾಸ್ತಿಯಾಗುವುದರಿಂದ ಉಬ್ಬಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಯಾವುದು ಕೆರಳಿಸುತ್ತದೆ ಎಂಬುದು ಇಂದಿಗೂ ಪತ್ತೆಯಾಗಿಲ್ಲ.

ಬಹಳ ವರ್ಷ ಆಸ್ಪಿರಿನ್ನೇ ಮುಖ್ಯ ಮದ್ದಾಗಿತ್ತು. ಅದು ಜ್ವರ ಇಳಿಸುತ್ತಿತ್ತು, ರಕ್ತನಾಳ ಊದುವುದನ್ನು ತಡೆಯುತ್ತಿರಲಿಲ್ಲ. 1984ರಲ್ಲಿ ಜಪಾನಿನ ಫುರುಶೋ ಮತ್ತು ಜೊತೆಗಾರರು ಇಮ್ಯುನೊಗ್ಲೋಬ್ಯುಲಿನ್ ಕೊಟ್ಟು ನೋಡಿದರು. ಸಾವಿರಾರು ಜನ ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳಿವು, ಡ್ರಿಪ್ ಮೂಲಕ ಹಾಕುತ್ತಾರೆ. 1986ರಲ್ಲಿ ಅಮೆರಿಕದ ಜೇನ್ ನ್ಯೂಬರ್ಗರ್ ತಂಡದ ಅಧ್ಯಯನ ಅನುಮಾನ ಕಳೆಯಿತು. ಎರಡು ವಾರದ ಹೊತ್ತಿಗೆ, ಬರೀ ಆಸ್ಪಿರಿನ್ ಪಡೆದ ಮಕ್ಕಳಲ್ಲಿ ನೂರಕ್ಕೆ 23 ಜನರ ಕೊರೊನರಿ ನಾಳ ಕೆಟ್ಟಿತ್ತು, ಎರಡನ್ನೂ ಪಡೆದವರಲ್ಲಿ 8 ಜನರದ್ದು. 1991ರಲ್ಲಿ ಅದೇ ತಂಡ ಇನ್ನೊಂದು ವಿಷಯ ತೋರಿಸಿತು: ನಾಲ್ಕು ದಿನ ಹಂಚಿ ಕೊಡುವುದಕ್ಕಿಂತ, ಕಿಲೋ ತೂಕಕ್ಕೆ 2 ಗ್ರಾಂನಂತೆ ಒಂದೇ ಸಲ ಕೊಟ್ಟರೆ ಇನ್ನೂ ಒಳ್ಳೆಯದು.

ಜ್ವರ ಶುರುವಾದ ಹತ್ತು ದಿನದೊಳಗೆ ಕೊಡಬೇಕು, ಕಾಯಿಲೆ ಗೊತ್ತಾದ ಮೇಲೆ ಒಂದು ದಿನವೂ ಕಾಯಬಾರದು. ನಾಳ ಉಬ್ಬುವ ಮುಂಚೆ ಕೆರಳಿಕೆ ಇಳಿಸುವುದಕ್ಕೇ ಈ ಮದ್ದು. ಹತ್ತು ದಿನ ದಾಟಿದರೂ ಜ್ವರ, ಉರಿಯೂತ ಇದ್ದರೆ ಕೊಡುತ್ತಾರೆ, ಆದರೆ ಅಷ್ಟರಲ್ಲಿ ಹಾನಿ ಆಗಿರಬಹುದು.

ತಡವಾಗುವುದು ಎಲ್ಲಿ ಅಂತ ಒಂದು ಮಗುವನ್ನು ಕಲ್ಪಿಸಿಕೊಂಡು ನೋಡೋಣ. ಎರಡು ವರ್ಷ, 12 ಕಿಲೋ. ಸೋಮವಾರ ಜ್ವರ. ಬುಧವಾರ ದದ್ದು, ಮನೆಯಲ್ಲಿ 'ದಡಾರ ಇರಬೇಕು' ಅಂದರು. ಗುರುವಾರ ಕಣ್ಣು ಕೆಂಪಾಯಿತು, ಆಗ ದದ್ದು ಮಾಯ. ಆಂಟಿಬಯಾಟಿಕ್ ಕೊಟ್ಟರೂ ಜ್ವರ ಬಗ್ಗಲಿಲ್ಲ. ಶುಕ್ರವಾರ ನಾಲಿಗೆ ಕೆಂಪಾಗಿ ಸಣ್ಣ ಸಣ್ಣ ಗುಳ್ಳೆ ಎದ್ದಂತಾಯಿತು, ಅಂಗೈ ಅಂಗಾಲು ಊದಿದವು. ಯಾವ ದಿನ ನೋಡಿದರೂ ಒಂದೆರಡು ಲಕ್ಷಣ ಮಾತ್ರ. ಎಲ್ಲವನ್ನೂ ಜೋಡಿಸಿದರೇ ಕಾಯಿಲೆ ಕಾಣುವುದು. ಇದನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಅದಕ್ಕೇ ದಿನಾ ಮೊಬೈಲಲ್ಲಿ ಫೋಟೋ ತೆಗೆದಿಡಿ. ಮಾಯವಾದ ದದ್ದು ಅದರಲ್ಲಿ ಉಳಿದಿರುತ್ತದೆ.

ನಮ್ಮ ಮಕ್ಕಳಲ್ಲಿ ಇನ್ನೊಂದು ಸುಳಿವು ಸಿಗಬಹುದು. ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿಸಿಜಿ ಲಸಿಕೆಯ ಕಲೆ ಇದ್ದಕ್ಕಿದ್ದಂತೆ ಕೆಂಪಗೆ ಊದಿಕೊಳ್ಳುತ್ತದೆ. ಎಲ್ಲರಲ್ಲೂ ಅಲ್ಲ, ಆದರೆ ಕಂಡರೆ ತಪ್ಪದೆ ವೈದ್ಯರಿಗೆ ತೋರಿಸಿ. ಬೆರಳ ತುದಿಯ ಚರ್ಮ ಸುಲಿಯುವುದಕ್ಕೆ ಮಾತ್ರ ಕಾಯಬೇಡಿ. ಅದು ಎರಡನೇ, ಮೂರನೇ ವಾರದ ಮಾತು. ಆರು ತಿಂಗಳೊಳಗಿನ ಕೂಸುಗಳಲ್ಲಿ ಬರೀ ಜ್ವರ ಮತ್ತು ಒಂದೆರಡು ಲಕ್ಷಣ ಇರಬಹುದು, ಅವರ ಹೃದಯಕ್ಕೇ ಅಪಾಯ ಜಾಸ್ತಿ.

ಆ ಮಗುವಿಗೆ ಶನಿವಾರ, ಆರನೇ ದಿನ, ಕಾಯಿಲೆ ಗೊತ್ತಾಯಿತು ಎನ್ನಿ. ಬೇಕಾದದ್ದು 24 ಗ್ರಾಂ ಇಮ್ಯುನೊಗ್ಲೋಬ್ಯುಲಿನ್. ನೂರಕ್ಕೆ ಹತ್ತರ ದ್ರಾವಣವಾದರೆ 240 ಎಂಎಲ್, 10–12 ಗಂಟೆ ನಿಧಾನಕ್ಕೆ ಡ್ರಿಪ್. ಔಷಧ ದುಬಾರಿ, ಎಲ್ಲ ಊರಲ್ಲೂ ಸಿಗುವುದಿಲ್ಲ. ಹುಡುಕುತ್ತಾ, ದುಡ್ಡು ಹೊಂದಿಸುತ್ತಾ ಒಂದೆರಡು ದಿನ ಹೋಗಿಬಿಡುತ್ತದೆ. ಡ್ರಿಪ್ ಮುಗಿದು 36 ಗಂಟೆಯಾದರೂ ಜ್ವರವಿದ್ದರೆ ಮತ್ತೆ ಚಿಕಿತ್ಸೆ ಬೇಕು. ನೂರಕ್ಕೆ ಹತ್ತಿಪ್ಪತ್ತು ಮಕ್ಕಳಿಗೆ ಹೀಗಾಗುತ್ತದೆ.

ಜ್ವರ ಬಿಟ್ಟಿತು ಅನ್ನಿ, ಆದರೂ ಕಡಿಮೆ ಪ್ರಮಾಣದ ಆಸ್ಪಿರಿನ್ ಆರೆಂಟು ವಾರ ಮುಂದುವರಿಯುತ್ತದೆ. ಎಕೋ ಎಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ಕಾಯಿಲೆಯ ಸಮಯದಲ್ಲಿ ಮಾಡಿದ ಮೊದಲ ಎಕೋದಲ್ಲಿ ನಾಳ ಸರಿಯಿದ್ದರೂ ಒಂದೆರಡು ವಾರಕ್ಕೆ ಮತ್ತು ಆರು ವಾರದ ಹೊತ್ತಿಗೆ ಮತ್ತೆ ಎಕೋ ಮಾಡಿಸಬೇಕು, ಮಗು ಆರಾಮಾಗಿ ಓಡಾಡಿಕೊಂಡಿದ್ದರೂ. ದಡಾರದ ಲಸಿಕೆಯ ಸರದಿ ಬಂದಿದ್ದರೆ, ಈ ಔಷಧ ಕೊಟ್ಟ ದಿನಾಂಕ ಅಲ್ಲಿಯೂ ಹೇಳಬೇಕು. ದಾನಿಗಳ ಪ್ರತಿಕಾಯ ಮೈಯಲ್ಲಿರುವಾಗ ಆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ.