ಮೂರು ಸಾವಿರದ ಕಂತಿನಲ್ಲಿ ಬಡ್ಡಿ ಎಲ್ಲಿ ಕೂತಿದೆ?

ದಸರಾ, ದೀಪಾವಳಿ ಹತ್ತಿರ ಬಂತೆಂದರೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಫ್ಲೆಕ್ಸುಗಳದ್ದೇ ಹಬ್ಬ. ಟಿವಿ, ಫ್ರಿಜ್, ವಾಷಿಂಗ್ ಮಷೀನ್ ಪಕ್ಕ ದೊಡ್ಡದಾಗಿ 'ನೋ ಕಾಸ್ಟ್ ಇಎಂಐ', ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಒಂದು ನಕ್ಷತ್ರ. ಹಬ್ಬ ಮುಗಿದ ಮೇಲೆ ನಮ್ಮ ಆಡಿಟ್ ಆಫೀಸಿಗೆ ಕಾರ್ಡ್ ಸ್ಟೇಟ್‌ಮೆಂಟ್ ಹಿಡಿದುಕೊಂಡು ಬರುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬಡ್ಡಿ ಇಲ್ಲ ಅಂದಿದ್ರಲ್ಲ ಸರ್, ಇಲ್ಲಿ ಇಂಟರೆಸ್ಟ್ ಅಂತ ಬಂದಿದೆಯಲ್ಲ?"

ಬಡ್ಡಿ ಇದ್ದೇ ಇದೆ. ಅದನ್ನು ಕೊಡುವವರು ಯಾರು ಅನ್ನೋದಷ್ಟೇ ಬದಲಾಗುತ್ತದೆ.

ಒಂದು ಟಿವಿ ತೆಗೆದುಕೊಳ್ಳೋಣ. ಬೆಲೆ 36,000 ರೂಪಾಯಿ, ತಿಂಗಳಿಗೆ 3,000ದಂತೆ 12 ಕಂತು. 12 ಸಲ 3,000 ಅಂದರೆ ಸರಿಯಾಗಿ 36,000. ಮೇಲ್ನೋಟಕ್ಕೆ ಬಡ್ಡಿ ಸೊನ್ನೆ. ಆದರೆ ಬ್ಯಾಂಕಿನವರು ಯಾರಿಗೂ ಸುಮ್ನೆ ಸಾಲ ಕೊಡುವುದಿಲ್ಲ. ಕಾರ್ಡಿನ ಇಎಂಐಗೆ ವರ್ಷಕ್ಕೆ ಶೇ. 16 ಬಡ್ಡಿ ಅಂತ ಇಟ್ಟುಕೊಳ್ಳಿ. ಆ ದರದಲ್ಲಿ 12 ತಿಂಗಳು 3,000 ಕಟ್ಟಿದರೆ ತೀರುವ ಸಾಲ 33,065 ರೂಪಾಯಿ ಮಾತ್ರ. ಉಳಿದ 2,935 ಬಡ್ಡಿ. ಟಿವಿ ಕಂಪನಿಯೋ ಅಂಗಡಿಯವರೋ ಅಷ್ಟು ದುಡ್ಡನ್ನು ಡಿಸ್ಕೌಂಟ್ ಅಂತ ಮೊದಲೇ ಬೆಲೆಯಲ್ಲಿ ಕಳೆದುಬಿಡುತ್ತಾರೆ. ನಿಮ್ಮ ಕಾರ್ಡಿನ ಮೇಲೆ ಸಾಲವಾಗಿ ಕೂರುವುದು 33,065. ಬಡ್ಡಿ ಸೇರಿಸಿ ನೀವು ವಾಪಸ್ ಕಟ್ಟುವುದು 36,000. ಸ್ಟೇಟ್‌ಮೆಂಟಿನಲ್ಲಿ 'ಇಂಟರೆಸ್ಟ್' ಕಾಣುವುದು ಅದಕ್ಕೇ. ಅಂಗಡಿಯವರು ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಯೂ ಇಲ್ಲ.

ಇಲ್ಲಿಂದ ಮುಂದಿನದು ನಿಮ್ಮ ಜೇಬಿನ ವಿಷಯ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಶೇ. 18 ಜಿಎಸ್‌ಟಿ ಇದೆ. ಡಿಸ್ಕೌಂಟ್ ಬಡ್ಡಿಯನ್ನು ಸರಿದೂಗಿಸುತ್ತದೆ, ಈ ತೆರಿಗೆಯನ್ನು ಸಾಮಾನ್ಯವಾಗಿ ಸರಿದೂಗಿಸುವುದಿಲ್ಲ. ನಮ್ಮ ಟಿವಿಯ ಲೆಕ್ಕದಲ್ಲಿ ಮೊದಲ ತಿಂಗಳ ಬಡ್ಡಿ 441, ಅದರ ಮೇಲೆ ಜಿಎಸ್‌ಟಿ 79 ರೂಪಾಯಿ. ಹಾಗಾಗಿ ಮೊದಲ ಬಿಲ್ಲಿನಲ್ಲಿ 3,000ದ ಬದಲು 3,079 ಬರುತ್ತದೆ. ಸಾಲ ಕರಗುತ್ತಾ ಹೋದಂತೆ ತೆರಿಗೆಯೂ ಇಳಿಯುತ್ತದೆ. ಕೊನೇ ಕಂತಿನಲ್ಲಿ ಅದು ಏಳು ರೂಪಾಯಿ. ಎಲ್ಲಾ ಸೇರಿದರೆ ಸುಮಾರು 528. ಇದರ ಜೊತೆ ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ ಸೇರಿ 235. ಒಟ್ಟು 36,763.

ಏಳುನೂರು ಚಿಲ್ಲರೆ ತಾನೇ, ಹೋಗ್ಲಿ ಬಿಡಿ ಅನ್ನಬಹುದು. ನಾನೂ ಅದಕ್ಕೆ ತಲೆ ಕೆಡಿಸಿಕೊಳ್ಳಿ ಅನ್ನುವುದಿಲ್ಲ. ದೊಡ್ಡ ಮೊತ್ತ ಬೇರೆ ಕಡೆ ಇದೆ. ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಇಎಂಐ ಮಾತು ಎತ್ತುವ ಮೊದಲೇ ಕೌಂಟರಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: "ಈಗಲೇ ಪೂರ್ತಿ ದುಡ್ಡು ಕೊಟ್ಟರೆ ಎಷ್ಟಕ್ಕೆ ಕೊಡ್ತೀರಣ್ಣ?" ಬಡ್ಡಿಯ ಭಾರ ಇಲ್ಲದಿದ್ದಾಗ ಎಷ್ಟೋ ಅಂಗಡಿಯವರು ಬೆಲೆ ಇಳಿಸುತ್ತಾರೆ. ನಮ್ಮ ಟಿವಿಯನ್ನು 33,500ಕ್ಕೆ ಕೊಟ್ಟರು ಅನ್ನಿ. ಆಗ ಕಂತಿನ ನಿಜವಾದ ಖರ್ಚು 763 ಅಲ್ಲ, 36,763ರಲ್ಲಿ 33,500 ಕಳೆದರೆ ಸಿಗುವ 3,263. ತಿಂಗಳು ತಿಂಗಳು ಸಾಲ ಕಡಿಮೆಯಾಗುತ್ತಾ ಹೋಗುವುದನ್ನು ಲೆಕ್ಕಕ್ಕೆ ಹಿಡಿದರೆ ಇದು ವರ್ಷಕ್ಕೆ ಶೇ. 18ರ ಹತ್ತಿರದ ಬಡ್ಡಿ. ಯುಪಿಐಗೂ ಕಂತಿಗೂ ಒಂದೇ ಬೆಲೆ, ಒಂದು ರೂಪಾಯಿ ಇಳಿಸಲ್ಲ ಅಂದರೆ ಮಾತು ಬೇರೆ. ಆಗ 763 ರೂಪಾಯಿಗೆ ಒಂದು ವರ್ಷದ ಸಾಲ ಸಿಕ್ಕಂತೆ. ಬೇರೆ ಎಲ್ಲೂ ಅಷ್ಟು ಅಗ್ಗಕ್ಕೆ ಸಿಗದು, ಧೈರ್ಯವಾಗಿ ತಗೊಳ್ಳಿ.

ಕಾರ್ಡ್ ಇಲ್ಲದವರಿಗೆ ಅಂಗಡಿಯಲ್ಲೇ ಟೇಬಲ್ ಹಾಕಿಕೊಂಡು ಕೂತ ಫೈನಾನ್ಸ್ ಕಂಪನಿಯ ಹುಡುಗರಿರುತ್ತಾರೆ. ಇಲ್ಲಿ ಆಟ ಸ್ವಲ್ಪ ಬೇರೆ. ಇಂಥ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಫೀಗಳಿಗೆ ಮಾತ್ರ ಇದೆ. ನೋಡಬೇಕಾದದ್ದು ಅವಧಿ.

24,000 ರೂಪಾಯಿಯ ಮೊಬೈಲಿಗೆ '12/4 ಸ್ಕೀಮ್' ಅನ್ನುತ್ತಾರೆ. ಕಂತು 2,000. ಆದರೆ 12ರಲ್ಲಿ ನಾಲ್ಕು ಕಂತನ್ನು ಅಡ್ವಾನ್ಸ್ ಅಂತ ಅಲ್ಲೇ ಕಟ್ಟಿಸಿಕೊಳ್ಳುತ್ತಾರೆ. 8,000 ಕೈಬಿಟ್ಟ ಮೇಲೆ ಸಾಲ ಉಳಿಯುವುದು 16,000, ಅವಧಿ ಎಂಟು ತಿಂಗಳು. ಜಾಹೀರಾತಿನಲ್ಲಿ ಮಾತ್ರ ಅದು 12 ತಿಂಗಳ ಸ್ಕೀಮ್! ಪ್ರೊಸೆಸಿಂಗ್ ಫೀ ಎಲ್ಲಾ ಸೇರಿ 600 ಅಂದುಕೊಳ್ಳಿ. 24,000ಕ್ಕೆ 600 ಅಂದರೆ ಶೇ. ಎರಡೂವರೆ, ಏನೂ ಅಲ್ಲ ಅನಿಸುತ್ತದೆ. ಆದರೆ ಮೊದಲ ತಿಂಗಳು 16,000, ಆಮೇಲೆ 14,000, 12,000 ಹೀಗೆ ಇಳಿಯುತ್ತಾ ಹೋಗುವ ಸಾಲದ ಸರಾಸರಿ ಬರೀ 9,000. ಎಂಟು ತಿಂಗಳಿಗೆ 9,000ದ ಮೇಲೆ 600 ಕೊಟ್ಟರೆ ವರ್ಷಕ್ಕೆ ಶೇ. 10 ಆಯಿತು. ಸೊನ್ನೆ ಬಡ್ಡಿಯ ಸಾಲ!

ಇದನ್ನೆಲ್ಲಾ ನೀವೇ ಕೂತು ಲೆಕ್ಕ ಹಾಕಬೇಕಿಲ್ಲ. ಫೈನಾನ್ಸ್ ಸಾಲಕ್ಕೆ ಸಹಿ ಹಾಕುವ ಮೊದಲು, ಅಥವಾ ಓಟಿಪಿ ಹೇಳುವ ಮೊದಲು, 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೇಳಿ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ಇದನ್ನು ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ 'ಎಪಿಆರ್' ಅನ್ನುವ ಸಾಲು ಹುಡುಕಿ. ಫೀ, ಸಾಲದ ಜೊತೆ ಅಂಟಿಸಿದ ಇನ್ಶೂರೆನ್ಸ್ ಎಲ್ಲಾ ಸೇರಿಸಿ ತೆಗೆದ ವಾರ್ಷಿಕ ದರ ಅದು. 'ನೋ ಕಾಸ್ಟ್' ಅಂದವರ ಕಾಗದದಲ್ಲಿ ಎಪಿಆರ್ 10 ಅಂತಿದ್ದರೆ ಯಾಕೆ ಅಂತ ಅಲ್ಲೇ ಕೇಳಬಹುದು. ಆ ಕಾಗದದಲ್ಲಿ ಇಲ್ಲದ ಫೀಯನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ.

ಕ್ರೆಡಿಟ್ ಕಾರ್ಡಿಗೆ ಈ ಕಾಗದದ ನಿಯಮ ಅನ್ವಯಿಸದು. ಅದಕ್ಕೆ ರಿಸರ್ವ್ ಬ್ಯಾಂಕಿನ ಬೇರೆ ನಿರ್ದೇಶನ ಇದೆ. ಇಎಂಐ ಮಾಡುವ ಮೊದಲೇ ಅಸಲು ಎಷ್ಟು, ಬಡ್ಡಿ ಎಷ್ಟು, ಡಿಸ್ಕೌಂಟ್ ಎಷ್ಟು ಅಂತ ಬೇರೆ ಬೇರೆಯಾಗಿ ತೋರಿಸಬೇಕು, ಬಿಲ್ಲಿನಲ್ಲೂ ಹಾಗೇ ಬರಬೇಕು. ಬಡ್ಡಿ ಇರುವ ಇಎಂಐಗೆ ನೋ ಕಾಸ್ಟ್ ಅಂತ ಬಣ್ಣ ಹಚ್ಚುವಂತಿಲ್ಲ. ಹಾಗಾಗಿ ಬಡ್ಡಿ ಮತ್ತು ಡಿಸ್ಕೌಂಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಡ್ಡಿ 2,935 ಇದ್ದು ಡಿಸ್ಕೌಂಟ್ 1,800 ಅಂತಿದ್ದರೆ ಅದು ನೋ ಕಾಸ್ಟ್ ಅಲ್ಲ. ಮೂರು, ಆರು ತಿಂಗಳಿಗೆ ನೋ ಕಾಸ್ಟ್ ಇದ್ದು, "ಕಂತು ಕಡಿಮೆ ಆಗುತ್ತೆ, 18 ತಿಂಗಳು ಮಾಡ್ಕೊಳ್ಳಿ" ಅಂದಾಗ ಈ ವ್ಯತ್ಯಾಸ ಜಾಸ್ತಿ ಬರುತ್ತದೆ.

ಬೋನಸ್ ಬಂತು, ಸಾಲ ಮೊದಲೇ ತೀರಿಸಿಬಿಡೋಣ ಅನ್ನುವ ಶಿಸ್ತಿನವರಿಗೆ ಒಂದು ಮಾತು. ಬೇರೆ ಸಾಲದಲ್ಲಿ ಬೇಗ ಕಟ್ಟಿದರೆ ಬಡ್ಡಿ ಉಳಿಯುತ್ತದೆ. ಇಲ್ಲಿ ಆ ಉಳಿತಾಯವನ್ನು ಬೇರೆ ಖರ್ಚು ತಿಂದುಹಾಕಬಹುದು. ಕಾರ್ಡ್ ಇಎಂಐಯನ್ನು ನಡುವೆ ಮುಚ್ಚಿದರೆ ಬಾಕಿ ಅಸಲಿನ ಮೇಲೆ ಮುಕ್ತಾಯದ ಫೀ, ಅದಕ್ಕೆ ಜಿಎಸ್‌ಟಿ ಬೀಳಬಹುದು. ಕೆಲವು ಸ್ಕೀಮುಗಳಲ್ಲಿ ಕೊಟ್ಟ ಡಿಸ್ಕೌಂಟನ್ನೂ ವಾಪಸ್ ಕೇಳುತ್ತಾರೆ. ಮುಚ್ಚುವ ಮೊದಲು ಇದೆಲ್ಲಾ ಎಷ್ಟಾಗುತ್ತದೆ ಅಂತ ಕೇಳಿ. ಉಳಿಯುವ ಬಡ್ಡಿಗಿಂತ ಅದು ಜಾಸ್ತಿ ಇದ್ದರೆ ಆ ಬೋನಸ್ಸನ್ನು ಉಳಿತಾಯ ಖಾತೆಯಲ್ಲಿ ಬಿಟ್ಟು, ಕಂತು ತಿಂಗಳು ತಿಂಗಳು ಹೋಗುವುದಕ್ಕೆ ಬಿಡುವುದೇ ಮೇಲು. ಅದೇ ಕಾರ್ಡಿನಲ್ಲಿ ಬೇರೆ ಖರೀದಿ ಮಾಡಿದ್ದರಂತೂ ಗಡುವಿನೊಳಗೆ ಪೂರ್ತಿ ಬಿಲ್ ಕಟ್ಟಿ. 'ಮಿನಿಮಮ್ ಡ್ಯೂ' ಅಷ್ಟೇ ಕಟ್ಟಿದರೆ ಕಿರಾಣಿ, ಪೆಟ್ರೋಲಿನ ಬಾಕಿಗೂ ಕಾರ್ಡಿನ ಮಾಮೂಲಿ ಬಡ್ಡಿ ಹತ್ತುತ್ತದೆ. ಅದು ಇಎಂಐ ಬಡ್ಡಿಗಿಂತ ತುಂಬಾ ಜಾಸ್ತಿ.